ಬಾಯಿಮಾತಿನ ಆಫರ್ ನಂತರದ ಮೌನ

ಫೋನಿನಲ್ಲಿ ಆಫರ್ ಒಪ್ಪಿದಂತೆ ಮಾತಾಡಿದ ಅಭ್ಯರ್ಥಿ ಆಮೇಲೆ ಸುಮ್ಮನಾದರೆ ಅದು ನಿರಾಕರಣೆಯೇ ಆಗಬೇಕಿಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ 60ರಿಂದ 90 ದಿನಗಳ ನೋಟಿಸ್ ಅವಧಿ ಸಾಮಾನ್ಯ. ಲಿಖಿತ ಪತ್ರ ಕೈಸೇರದೆ ರಾಜೀನಾಮೆ ಕೊಡಲು ಯಾರಾದರೂ ಹಿಂಜರಿಯುತ್ತಾರೆ. ಈಗಿನ ಕಂಪನಿಯೇ ಸಂಬಳ ಏರಿಸುವ ಆಸೆ ತೋರಿಸಿರಲೂಬಹುದು.

ನೇಮಕಾತಿ ಅಧಿಕಾರಿ ಎರಡು ಮೂರು ಕೆಲಸದ ದಿನ ಬಿಟ್ಟು ಒಂದು ಚಿಕ್ಕ ಸಂದೇಶ ಕಳಿಸಿದರೆ ಸಾಕು: “ನಮಸ್ಕಾರ. ಸೋಮವಾರ ಮಾತಾಡಿದ ಆಫರ್ ಬಗ್ಗೆ ಏನಾದರೂ ಪ್ರಶ್ನೆಯಿದ್ದರೆ ಕೇಳಿ. ಯೋಚಿಸಲು ಸಮಯ ಬೇಕಿದ್ದರೆ ಎಷ್ಟು ದಿನವೆಂದು ತಿಳಿಸಿ. ಬೇಡವೆನಿಸಿದ್ದರೂ ಸಂಕೋಚವಿಲ್ಲದೆ ಹೇಳಬಹುದು.” ಕೊನೆಯ ಸಾಲೇ ಇಲ್ಲಿ ಮುಖ್ಯ, ಏಕೆಂದರೆ ‘ಇಲ್ಲ’ ಎನ್ನುವ ಮುಜುಗರಕ್ಕೇ ಎಷ್ಟೋ ಜನ ಉತ್ತರಿಸುವುದಿಲ್ಲ. ಇಲ್ಲದ ಗಡುವು ಹುಟ್ಟಿಸುವುದು, ದಿನಕ್ಕೆರಡು ಕರೆ ಮಾಡುವುದು ಒತ್ತಡವೇ. ವಾರ ಕಳೆದರೂ ಉತ್ತರ ಬಾರದಿದ್ದರೆ, ಆಫರ್ ಯಾವ ದಿನದವರೆಗೆ ಇರುತ್ತದೆಂದು ಕಾರಣಸಹಿತ ತಿಳಿಸಿ, ಆ ದಿನ ದಾಟಿದ ಮೇಲೆ ಮುಂದಿನ ಅಭ್ಯರ್ಥಿಯನ್ನು ಕರೆಯಬಹುದು.