ಸಿ.ಎ. ಕಚೇರಿಯಿಂದ ಬರುವ ಜೂನ್ ತಿಂಗಳ ಸಂದೇಶ

ರಿಟರ್ನ್ಸ್ ಸಲ್ಲಿಸುವ ಕಾಲ ಬಂತೆಂದರೆ ಬಡಾವಣೆಯ ಗೋಡೆಗಳ ಮೇಲೆ ‘ಕಡಿಮೆ ಶುಲ್ಕ, ಖಚಿತ ರಿಫಂಡ್’ ಎಂಬ ಚೀಟಿಗಳು ಕಾಣಿಸಿಕೊಳ್ಳುತ್ತವೆ. ವೃತ್ತಿನಿರತ ಚಾರ್ಟರ್ಡ್ ಅಕೌಂಟೆಂಟ್ ಹೀಗೆ ಬರೆಸಿ ಹಚ್ಚುವಂತಿಲ್ಲ. ಜಾಹೀರಾತು, ಸುತ್ತೋಲೆ ಅಥವಾ ಖುದ್ದು ಸಂಪರ್ಕದ ಮೂಲಕ ಕೆಲಸ ಕೇಳಿಕೊಂಡು ಹೋಗುವುದನ್ನು 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆ ವೃತ್ತಿ ದುರ್ನಡತೆ ಎನ್ನುತ್ತದೆ. ತಾವು ನೀಡುವ ಸೇವೆಗಳ ವಿವರವನ್ನು ಮಾತ್ರ ಸಂಸ್ಥೆಯ ಮಾರ್ಗಸೂಚಿಯ ಮಿತಿಯಲ್ಲಿ ಪ್ರಕಟಿಸಬಹುದು.

ಹಾಗಾಗಿ ಒಬ್ಬರೋ ಇಬ್ಬರೋ ಇರುವ ಸಣ್ಣ ಕಚೇರಿಗೆ ಉಳಿಯುವ ನೇರ ದಾರಿಯೆಂದರೆ, ಈಗಾಗಲೇ ತನ್ನ ಬಳಿ ಲೆಕ್ಕ ಕೊಟ್ಟಿರುವವರಿಗೆ ನೆನಪೋಲೆ ಕಳಿಸುವುದು. ಅದನ್ನು ಏಪ್ರಿಲ್‌ನಲ್ಲಿ ಕಳಿಸಿದರೆ ಪ್ರಯೋಜನ ಕಡಿಮೆ. ವರ್ಷದ ಕೊನೆಯ ಮೂರು ತಿಂಗಳ ಟಿಡಿಎಸ್ ವಿವರ ಸಲ್ಲಿಸಲು ಕಂಪನಿಗಳಿಗೂ ಬ್ಯಾಂಕುಗಳಿಗೂ ಮೇ 31ರವರೆಗೆ ಸಮಯವಿದೆ. ಫಾರ್ಮ್ 16 ಕೈಸೇರುವುದು ಜೂನ್ 15ರ ಹೊತ್ತಿಗೆ. ಅದಕ್ಕೂ ಮೊದಲೇ ರಿಟರ್ನ್ ತುಂಬಿದರೆ ಕಡಿತವಾದ ತೆರಿಗೆ 26ಎಎಸ್ ಪಟ್ಟಿಯಲ್ಲಿ ಕಾಣದೆ ಲೆಕ್ಕ ತಾಳೆಯಾಗದೇ ಹೋಗಬಹುದು. ಜೂನ್ ಮೂರನೇ ವಾರವೇ ಇದಕ್ಕೆ ಸರಿಯಾದ ಸಮಯ.

‘ಜುಲೈ 31 ಕೊನೆಯ ದಿನ’ ಎಂದಷ್ಟೇ ಬರೆದರೆ ಸಂಬಳದಾರರು ಓದಿ ಸುಮ್ಮನಾಗುತ್ತಾರೆ. ತಡವಾದರೆ ಕಳೆದುಕೊಳ್ಳುವುದೇನು ಎಂಬುದನ್ನು ಲೆಕ್ಕ ಹಾಕಿ ತೋರಿಸಬೇಕು. ವರ್ಷಕ್ಕೆ 9 ಲಕ್ಷ ಸಂಬಳದ ಒಬ್ಬರಿಗೆ ಷೇರಿನಲ್ಲಿ 80,000 ರೂಪಾಯಿ ಅಲ್ಪಾವಧಿ ನಷ್ಟವಾಗಿದೆ ಎನ್ನೋಣ. ಗಡುವಿನೊಳಗೆ ರಿಟರ್ನ್ ಸಲ್ಲಿಸಿದರೆ ಆ ನಷ್ಟವನ್ನು ಮುಂದಿನ ಎಂಟು ವರ್ಷಗಳವರೆಗೆ ಕೊಂಡೊಯ್ಯಬಹುದು. ಮುಂದಿನ ವರ್ಷ ಷೇರಿನಲ್ಲೇ 80,000 ಅಲ್ಪಾವಧಿ ಲಾಭ ಬಂದರೆ ಅದಕ್ಕೆ ಇದು ವಜಾ ಆಗಿ, ಶೇ 20ರ ದರದಲ್ಲಿ 16,000 ರೂಪಾಯಿ ತೆರಿಗೆ ಉಳಿಯುತ್ತದೆ. ಆಗಸ್ಟ್‌ನಲ್ಲಿ ಸಲ್ಲಿಸಿದರೆ ಆ ಉಳಿತಾಯ ಹೋಗುತ್ತದೆ, ಜೊತೆಗೆ 5,000 ವಿಳಂಬ ಶುಲ್ಕ. ಆದಾಯ 5 ಲಕ್ಷ ಮೀರದಿದ್ದರೆ ಈ ಶುಲ್ಕ 1,000. ತೆರಿಗೆ ಬಾಕಿಯಿದ್ದರೆ ತಿಂಗಳಿಗೆ ಶೇ 1ರಷ್ಟು ಬಡ್ಡಿ ಬೇರೆ. ತಡವಾಗಿ ಸಲ್ಲಿಸುವ ಸಂಬಳದಾರರಿಗೆ ಹಳೆಯ ತೆರಿಗೆ ಪದ್ಧತಿಯ ಆಯ್ಕೆಯೂ ಇರುವುದಿಲ್ಲ.

‘ಹೇಗೂ ದಿನಾಂಕ ಮುಂದೆ ಹೋಗುತ್ತೆ ಬಿಡಿ ಸಾರ್’ ಎನ್ನುವವರು ಇದ್ದೇ ಇದ್ದಾರೆ. 2025ರಲ್ಲಿ ಅದು ಸೆಪ್ಟೆಂಬರ್ 15ಕ್ಕೆ ಹೋಗಿ, ಆಮೇಲೆ ಇನ್ನೊಂದು ದಿನ ಬೆಳೆದದ್ದು ನಿಜ. ಆದರೆ ಅದನ್ನು ನಂಬಿ ಕೂರುವ ಸಲಹೆಯನ್ನು ಯಾವ ಜವಾಬ್ದಾರಿಯುತ ಸಿ.ಎ.ಯೂ ಕೊಡಬಾರದು.

ಇ-ವೆರಿಫಿಕೇಷನ್ನಿಗೂ ಸಂದೇಶದಲ್ಲಿ ಒಂದು ಸಾಲು ಬೇಕು. ರಿಟರ್ನ್ ಅಪ್‌ಲೋಡ್ ಆದ 30 ದಿನಗಳೊಳಗೆ ಅದನ್ನು ದೃಢೀಕರಿಸಬೇಕು. ಆಧಾರ್ ಒಟಿಪಿಯಿಂದ ಮನೆಯಲ್ಲೇ ಮುಗಿಯುವ ಕೆಲಸವಿದು. ಜುಲೈ 30ರಂದು ಅಪ್‌ಲೋಡ್ ಮಾಡಿ ಸೆಪ್ಟೆಂಬರಿನಲ್ಲಿ ದೃಢೀಕರಿಸಿದರೆ ಇಲಾಖೆ ಸೆಪ್ಟೆಂಬರನ್ನೇ ಸಲ್ಲಿಕೆಯ ದಿನವೆಂದು ಎಣಿಸುತ್ತದೆ. ನಿಮ್ಮ ಸಿ.ಎ. ‘ಫೈಲ್ ಆಯಿತು’ ಎಂದಾಗ ‘ವೆರಿಫೈ ಆಯಿತಾ?’ ಎಂದು ತಪ್ಪದೇ ಕೇಳಿ.