ಕಪ್ಪು ಪರದೆಯ ಮೂಲೆಯಲ್ಲಿ ಬೆಳಕು: ಸಹಜವೋ, ದೋಷವೋ?

ಹೊಸ ಮಾನಿಟರ್ ಮನೆಗೆ ಬಂದ ಮೊದಲ ದಿನ ಹಗಲಿನಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ರಾತ್ರಿ ದೀಪ ಆರಿಸಿ ಸಿನಿಮಾ ಹಾಕಿದಾಗ ತಕರಾರು ಶುರು. ಕಪ್ಪಾಗಿರಬೇಕಾದ ಪರದೆಯ ಕೆಳಮೂಲೆಯಲ್ಲಿ ಹಳದಿ ಛಾಯೆ, ಮೇಲ್ಮೂಲೆಯಲ್ಲಿ ಬೂದು ಮಬ್ಬು. ಮೊಬೈಲಿನಲ್ಲಿ ಫೋಟೊ ತೆಗೆದರೆ ಅದು ಇನ್ನೂ ಭೀಕರ. ಹಲವರು ಅಲ್ಲೇ ಮಾನಿಟರನ್ನು ಮತ್ತೆ ಡಬ್ಬಕ್ಕೆ ತುಂಬಿ ವಾಪಸ್ ಕಳಿಸುತ್ತಾರೆ. ಬದಲಿಯಾಗಿ ಬಂದದ್ದರಲ್ಲೂ ಅದೇ ಮಬ್ಬು ಕಂಡಾಗ ಕಂಗಾಲಾಗುತ್ತಾರೆ.

ಹೀಗಾಗಲು ಕಾರಣ, ನೋಡಲು ಒಂದೇ ಥರ ಇರುವ ಎರಡು ಬೇರೆ ಸಂಗತಿಗಳನ್ನು ಒಂದೇ ಎಂದುಕೊಳ್ಳುವುದು. ಒಂದು ಐಪಿಎಸ್ ಗ್ಲೋ, ಇನ್ನೊಂದು ಬ್ಯಾಕ್‌ಲೈಟ್ ಬ್ಲೀಡ್. ಮೊದಲನೆಯದು ಆ ಜಾತಿಯ ಪರದೆಯ ಗುಣ. ಎರಡನೆಯದು ಜೋಡಣೆಯಲ್ಲಿ ಉಳಿದ ಕೊರತೆ.

ಎಲ್‌ಸಿಡಿ ಪರದೆಯ ಹಿಂದೆ ಎಲ್‌ಇಡಿ ದೀಪಗಳು ಸದಾ ಉರಿಯುತ್ತಿರುತ್ತವೆ. ಮುಂದೆ ಎರಡು ಪೋಲರೈಸರ್ ಹಾಳೆಗಳು ಒಂದಕ್ಕೊಂದು ಅಡ್ಡಲಾಗಿ ನಿಂತಿರುತ್ತವೆ, ನಡುವೆ ದ್ರವ ಸ್ಫಟಿಕದ ಪದರ. ಕಪ್ಪು ಬೇಕಾದಾಗ ಈ ಜೋಡಿ ಹಾಳೆಗಳು ಬೆಳಕನ್ನು ತಡೆಯುತ್ತವೆಯೇ ಹೊರತು ದೀಪ ಆರುವುದಿಲ್ಲ. ತಡೆ ಪೂರ್ತಿಯೂ ಅಲ್ಲ. ಸಾಮಾನ್ಯ ಐಪಿಎಸ್ ಪರದೆಯ ಕಾಂಟ್ರಾಸ್ಟ್ ಸುಮಾರು 1000:1, ಅಂದರೆ ಬಿಳಿಯ ಸಾವಿರದಲ್ಲಿ ಒಂದು ಪಾಲು ಬೆಳಕು ಕಪ್ಪಿನಲ್ಲೂ ಹೊರಬರುತ್ತದೆ. ವಿಎ ಪರದೆಗಳಲ್ಲಿ ಈ ಸೋರಿಕೆ ಅದರ ಮೂರನೇ ಒಂದು ಪಾಲಿನಷ್ಟು.

ಆ ಎರಡು ಹಾಳೆಗಳು ಸರಿಯಾಗಿ ಅಡ್ಡಲಾಗಿರುವುದು ನೇರವಾಗಿ ನೋಡಿದಾಗ ಮಾತ್ರ. ಓರೆಯಿಂದ, ಅದರಲ್ಲೂ ಕರ್ಣದ ದಿಕ್ಕಿನಿಂದ ನೋಡಿದರೆ ಕಣ್ಣಿನ ಪಾಲಿಗೆ ಅವುಗಳ ನಡುವಿನ ಕೋನ 90 ಡಿಗ್ರಿ ಉಳಿಯುವುದಿಲ್ಲ, ಬೆಳಕು ನುಸುಳುತ್ತದೆ. 27 ಇಂಚಿನ ಪರದೆಯೊಂದನ್ನು ತೆಗೆದುಕೊಳ್ಳಿ. ಅದರ ಅಗಲ ಸುಮಾರು 60 ಸೆಂಟಿಮೀಟರ್, ಎತ್ತರ 34. ಅದರೆದುರು 60 ಸೆಂಟಿಮೀಟರ್ ದೂರದಲ್ಲಿ ನಡುಮಧ್ಯಕ್ಕೆ ಕಣ್ಣಿಟ್ಟು ಕೂತವರು ಮಧ್ಯಭಾಗವನ್ನು ನೇರವಾಗಿ ನೋಡುತ್ತಾರೆ, ಆದರೆ ನಾಲ್ಕೂ ಮೂಲೆಗಳನ್ನು ಸುಮಾರು 30 ಡಿಗ್ರಿ ಓರೆಯಲ್ಲಿ, ಅದೂ ಕರ್ಣದ ದಿಕ್ಕಿನಲ್ಲೇ ನೋಡುತ್ತಾರೆ. ಗ್ಲೋ ಮೂಲೆಗಳಲ್ಲೇ ಕೂರುವುದು ಇದಕ್ಕೇ. ಅವರೇ ಎದ್ದು 2 ಮೀಟರ್ ಹಿಂದೆ ಹೋಗಿ ನಿಂತರೆ ಓರೆ 10 ಡಿಗ್ರಿಗೆ ಇಳಿಯುತ್ತದೆ, ಮೂಲೆಯ ಮಬ್ಬು ಬಹುಪಾಲು ಮಾಯವಾಗುತ್ತದೆ.

ಬ್ಲೀಡ್ ಹಾಗಲ್ಲ. ಪರದೆಯ ಚೌಕಟ್ಟು ಒಂದು ಕಡೆ ಹೆಚ್ಚು ಬಿಗಿಯಾಗಿದ್ದರೆ, ಸಾಗಣೆಯಲ್ಲಿ ಒತ್ತಡ ಬಿದ್ದಿದ್ದರೆ, ಪ್ಯಾನಲ್ ಕೊಂಚ ಬಾಗಿದ್ದರೆ, ಆ ಜಾಗದಲ್ಲಿ ಪದರಗಳು ಸರಿಯಾಗಿ ಕೂಡದೆ ಹಿಂಬದಿಯ ಬೆಳಕು ಮುಚ್ಚಿದ ಬಾಗಿಲಿನ ಸಂದಿಯಿಂದ ಬಂದಂತೆ ಹೊರಚೆಲ್ಲುತ್ತದೆ. ನೋಡುವವರು ಎಲ್ಲಿ ನಿಂತರೂ ಅದರ ಜಾಗ ಬದಲಾಗುವುದಿಲ್ಲ. ಅಂಚಿನಿಂದ ಒಳಕ್ಕೆ ಚಾಚಿದ ಪಟ್ಟಿಯಾಗಿಯೋ, ಒಂದೇ ಮೂಲೆಯ ಕಲೆಯಾಗಿಯೋ ಅದು ಕಾಣುತ್ತದೆ.

ಪರೀಕ್ಷೆಗೆ ವಿಶೇಷ ಉಪಕರಣ ಬೇಡ. ಪೇಂಟ್ ತಂತ್ರಾಂಶದಲ್ಲಿ ಪೂರ್ತಿ ಕಪ್ಪು, ಅಂದರೆ `#000000` ಬಣ್ಣದ ಚಿತ್ರವೊಂದನ್ನು ಮಾಡಿ, ತೆರೆತುಂಬ ತೋರಿಸಿದರೆ ಸಾಕು. ಮಾನಿಟರ್ ಅರ್ಧ ಗಂಟೆ ಉರಿದು ಬೆಚ್ಚಗಾಗಿರಲಿ. ಮೆನುವಿನಲ್ಲಿ ಡೈನಾಮಿಕ್ ಕಾಂಟ್ರಾಸ್ಟ್ ಮತ್ತು ಲೋಕಲ್ ಡಿಮ್ಮಿಂಗ್ ಇದ್ದರೆ ಮೊದಲು ಆರಿಸಬೇಕು. ಪರದೆ ಕಪ್ಪಾದ ಕೂಡಲೇ ಅವು ಹಿಂಬದಿಯ ದೀಪವನ್ನೇ ತಗ್ಗಿಸುವುದರಿಂದ ದೋಷವಿದ್ದರೂ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಆಮೇಲೆ ಕೋಣೆ ಕತ್ತಲಾಗಿಸಿ ಮಾಮೂಲಿ ಜಾಗದಲ್ಲಿ ಕೂತು ತಲೆಯನ್ನು ಎಡಬಲಕ್ಕೆ, ಮೇಲೆ ಕೆಳಕ್ಕೆ ಆಡಿಸಬೇಕು. ಮಬ್ಬು ಕಣ್ಣಿನ ಜೊತೆ ಸರಿದಾಡಿದರೆ, ಎಡಕ್ಕೆ ಬಾಗಿದಾಗ ಬಲಮೂಲೆಗಳು ಬೆಳಗಿದರೆ ಅದು ಗ್ಲೋ. ಸರಿಯದೆ ಉಳಿದದ್ದು ಬ್ಲೀಡ್. ಒಂದೇ ಮೂಲೆಯಲ್ಲಿ ಎರಡೂ ಬೆರೆತಿರುವುದೂ ಉಂಟು. ಆಗ 2 ಮೀಟರ್ ಹಿಂದೆ ಹೋಗಿ ಉಳಿದದ್ದೆಷ್ಟು ಎಂದು ನೋಡಿದರೆ ಬ್ಲೀಡಿನ ಪಾಲು ಗೊತ್ತಾಗುತ್ತದೆ.

ಮೊಬೈಲ್ ಫೋಟೊ ಇಲ್ಲಿ ನಂಬಿಕಸ್ಥ ಸಾಕ್ಷಿಯಲ್ಲ. ಕತ್ತಲೆಯಲ್ಲಿ ಕ್ಯಾಮೆರಾ ತಾನಾಗಿಯೇ ಹೆಚ್ಚು ಹೊತ್ತು ಬೆಳಕು ಹೀರಿ, ಕಣ್ಣಿಗೆ ಅಷ್ಟಾಗಿ ಕಾಣದ ಮಬ್ಬನ್ನು ಬೆಂಕಿಯಂತೆ ತೋರಿಸುತ್ತದೆ. ದೂರು ಕೊಡಲು ಪುರಾವೆ ಬೇಕಾದರೆ ಎಕ್ಸ್‌ಪೋಶರನ್ನು ಕೈಯಾರೆ ತಗ್ಗಿಸಿ, ಕಣ್ಣಿಗೆ ಕಂಡಷ್ಟೇ ಕಾಣುವಂತೆ ಮಾಡಿ, ಪಕ್ಕದಿಂದ ಪಕ್ಕಕ್ಕೆ ಸರಿಯುತ್ತಾ ವಿಡಿಯೊ ತೆಗೆಯುವುದು ಒಳ್ಳೆಯದು. ಕಲೆ ಕದಲದೆ ನಿಂತಿರುವುದು ಅದರಲ್ಲಿ ಸ್ಪಷ್ಟವಾಗುತ್ತದೆ.

ಇನ್ನು ಸೆಟ್ಟಿಂಗ್. ಹೊಸ ಮಾನಿಟರುಗಳು ಬಹಳಷ್ಟು ಸಲ ಹೆಚ್ಚಿನ ಬ್ರೈಟ್‌ನೆಸ್‌ನಲ್ಲೇ ಬರುತ್ತವೆ. ನಮ್ಮ 27 ಇಂಚಿನ ಪರದೆ 350 ನಿಟ್ ಬೆಳಕಿನಲ್ಲಿದೆ ಎಂದುಕೊಂಡರೆ 1000:1 ಲೆಕ್ಕದಲ್ಲಿ ಅದರ ಕಪ್ಪು 0.35 ನಿಟ್. ಕಪ್ಪಿನ ಮೂರುಪಟ್ಟು ಬೆಳಗುವ ಬ್ಲೀಡ್ ಕಲೆ 1.05 ನಿಟ್. ಮನೆಯೊಳಗೆ ಸಂಜೆಯ ಕೆಲಸಕ್ಕೆ 120 ನಿಟ್ ಸಾಕು. ಅಷ್ಟಕ್ಕೆ ಇಳಿಸಿದರೆ ಕಪ್ಪು 0.12 ನಿಟ್, ಕಲೆ 0.36 ನಿಟ್. ಅನುಪಾತ ಬದಲಾಗಲಿಲ್ಲ, ಆದರೆ ಕಲೆಯ ಬೆಳಕು ಮೂರನೇ ಒಂದು ಭಾಗಕ್ಕಿಳಿಯಿತು. ಇದರ ಜೊತೆಗೆ ಮಾನಿಟರಿನ ಹಿಂದಿನ ಗೋಡೆಗೆ ಒಂದು ಮಂದ ಬಿಳಿ ದೀಪ ಹಾಕಿದರೆ ಕಣ್ಣು ಕತ್ತಲೆಗೆ ಪೂರ್ತಿ ಹೊಂದಿಕೊಳ್ಳುವುದಿಲ್ಲ, ಉಳಿದ ಮಬ್ಬೂ ಗಮನಕ್ಕೆ ಬರುವುದು ಅಪರೂಪ. ಬ್ರೈಟ್‌ನೆಸ್ ಬಿಟ್ಟು ಕಾಂಟ್ರಾಸ್ಟ್ ಇಳಿಸಿದರೆ ಫಲವಿಲ್ಲ. ಬಿಳಿ ಮಂಕಾಗುತ್ತದೆ, ಕಪ್ಪು ಇದ್ದಲ್ಲೇ ಇರುತ್ತದೆ.

ಕೆಲವು ಸೆಟ್ಟಿಂಗುಗಳು ಇಲ್ಲದ ದೋಷವನ್ನೂ ಹುಟ್ಟಿಸುತ್ತವೆ. ಎಚ್‌ಡಿಎಂಐ ಕೇಬಲ್ ಮೂಲಕ ಕಂಪ್ಯೂಟರ್ ಕೆಲವೊಮ್ಮೆ ಟಿವಿಗೆ ಕಳಿಸುವಂತೆ 16ರಿಂದ 235ರವರೆಗಿನ ಸೀಮಿತ ಬಣ್ಣಶ್ರೇಣಿ ಕಳಿಸುತ್ತದೆ. ಮಾನಿಟರ್ ಅದನ್ನು 0ರಿಂದ 255ರ ಪೂರ್ಣ ಶ್ರೇಣಿ ಎಂದು ಓದಿದರೆ ಕಪ್ಪು ಕಪ್ಪಾಗಿ ಉಳಿಯದೆ 16ನೇ ಮೆಟ್ಟಿಲಿನ ಬೂದು ಬಣ್ಣವಾಗುತ್ತದೆ. 120 ನಿಟ್ ಪರದೆಯಲ್ಲಿ 0.12 ಇರಬೇಕಾದ ಕಪ್ಪು ಸುಮಾರು 0.39ಕ್ಕೆ ಏರುತ್ತದೆ. ಗುರುತು ಸುಲಭ: ಮೂಲೆಗಳಷ್ಟೇ ಅಲ್ಲ, ಪರದೆಯ ಮಧ್ಯವೂ ಬೂದಾಗಿರುತ್ತದೆ. ಎನ್ವಿಡಿಯಾ ಗ್ರಾಫಿಕ್ಸ್ ಇರುವವರು `Output dynamic range` ಎಂಬಲ್ಲಿ `Full` ಆರಿಸಿದರೆ ಸರಿಹೋಗುತ್ತದೆ. ಆಟಗಾರರಿಗಾಗಿ ಕೊಡುವ `Black Equalizer`, `Shadow Boost` ಮುಂತಾದವು ಕತ್ತಲ ದೃಶ್ಯಗಳನ್ನು ಬೇಕೆಂದೇ ತಿಳಿಯಾಗಿಸುತ್ತವೆ, ಸಿನಿಮಾಕ್ಕೆ ಅವು ಬೇಡ. ಲೋಕಲ್ ಡಿಮ್ಮಿಂಗ್ ಇಲ್ಲದ ಮಾನಿಟರಿನಲ್ಲಿ ಎಚ್‌ಡಿಆರ್ ಹಾಕಿದರೆ ಹಿಂಬದಿಯ ದೀಪ ಸಾಮಾನ್ಯವಾಗಿ ಗರಿಷ್ಠಕ್ಕೇರುತ್ತದೆ, ಬ್ಲೀಡ್ ಎದ್ದು ಕಾಣುತ್ತದೆ.

ತೀರ್ಮಾನಕ್ಕೆ ಪೂರ್ತಿ ಕಪ್ಪು ಚಿತ್ರವೊಂದೇ ಆಧಾರವಾಗಬಾರದು. ಬ್ರೈಟ್‌ನೆಸ್ ಇಳಿಸಿ, ಹಿಂದೆ ಮಂದ ದೀಪವಿಟ್ಟು, ಕತ್ತಲ ದೃಶ್ಯಗಳಿರುವ ಸಿನಿಮಾವೊಂದನ್ನು ನೋಡಬೇಕು. ನಾಲ್ಕೂ ಮೂಲೆಗಳಲ್ಲಿ ಹೆಚ್ಚುಕಡಿಮೆ ಒಂದೇ ಥರದ, ತಲೆಯಾಡಿಸಿದಂತೆ ಸರಿಯುವ ಮಬ್ಬು ಸಹಜ. ಅದಕ್ಕಾಗಿ ಬದಲಿ ತರಿಸಿದರೂ ಅದೇ ಬರುತ್ತದೆ. ಕಪ್ಪು ಪರೀಕ್ಷೆಯಲ್ಲಷ್ಟೇ ಕಂಡು ಸಿನಿಮಾದಲ್ಲಿ ಕಾಣದ ಸಣ್ಣ ಬ್ಲೀಡ್ ಕೂಡ ಒಪ್ಪಿಕೊಳ್ಳಬಹುದಾದದ್ದು. ಆದರೆ ದೀಪ ಉರಿಯುತ್ತಿರುವಾಗಲೂ ಕಾಣುವ ಕಲೆ, ಸಿನಿಮಾದ ಮೇಲೆ ಕೆಳಗಿನ ಕಪ್ಪು ಪಟ್ಟಿಗಳಲ್ಲಿ ಕಣ್ಣು ಕೀಳುವ ಬೆಳಕು, ಉಳಿದ ಮೂರಕ್ಕಿಂತ ಒಂದು ಮೂಲೆ ಬಹಳ ಹೊಳೆಯುವುದು, ಇವು ದೋಷಗಳೇ. ಚೌಕಟ್ಟು ಒತ್ತುವುದಾಗಲಿ ತಿರುಪು ಸಡಿಲಿಸುವುದಾಗಲಿ ಬೇಡ, ವಾರಂಟಿ ಕೈಬಿಟ್ಟು ಹೋಗಬಹುದು. ಅಂಗಡಿಗಳು ಬದಲಿಸಿ ಕೊಡುವ ಅವಧಿ ಕೆಲವೇ ದಿನಗಳದ್ದು. ಹಾಗಾಗಿ ಮಾನಿಟರ್ ಬಂದ ರಾತ್ರಿಯೇ ಈ ಪರೀಕ್ಷೆ ಮುಗಿಸಿ, ಡಬ್ಬ ಮತ್ತು ಥರ್ಮೊಕೋಲನ್ನು ತೀರ್ಮಾನವಾಗುವವರೆಗೆ ಎತ್ತಿಡಿ.