‘ಅದಕ್ಕೇನೀಗ?’ ಎಂದು ಸ್ಲೈಡನ್ನು ಕೇಳಿ

ಒಂದು ಹಾಲು ಉತ್ಪಾದಕರ ಸಹಕಾರ ಸಂಘವನ್ನು ಊಹಿಸಿಕೊಳ್ಳಿ. ದಿನಕ್ಕೆ 1,400 ಲೀಟರ್ ಹಾಲು ಬರುತ್ತದೆ. ಅದು ಕ್ಯಾನುಗಳಲ್ಲಿ ದೂರದ ಶೀತಲೀಕರಣ ಕೇಂದ್ರಕ್ಕೆ ಹೋಗಬೇಕು. ಬೇಸಿಗೆಯಲ್ಲಿ ಸಂಜೆಯ ಹಾಲು ಹುಳಿಯಾಗಿ ವಾಪಸ್ ಬರುತ್ತದೆ. ಸಂಘದಲ್ಲೇ ಬಲ್ಕ್ ಮಿಲ್ಕ್ ಕೂಲರ್ ಹಾಕಿಸಬೇಕೆಂದು ಕಾರ್ಯದರ್ಶಿ 14 ಸ್ಲೈಡುಗಳನ್ನು ಮಾಡಿದ್ದಾರೆ. ನಿರ್ದೇಶಕರ ಸಭೆಯಲ್ಲಿ ಅವರಿಗೆ ಸಿಗುವುದು ಹತ್ತೇ ನಿಮಿಷ.

ಅವರು ಮಾಡಬೇಕಾದದ್ದು ಇಷ್ಟೆ: ಪ್ರತಿ ಸ್ಲೈಡಿನ ಮುಂದೆ ‘ಅದಕ್ಕೇನೀಗ?’ ಎಂದು ಕೇಳಿಕೊಂಡು, ಉತ್ತರವನ್ನು ಒಂದು ಪೂರ್ತಿ ವಾಕ್ಯದಲ್ಲಿ ಹಾಳೆಯ ಮೇಲೆ ಬರೆಯುವುದು. ಬರೆಯಲೇಬೇಕು. ಮನಸ್ಸಿನಲ್ಲಿ ಕೇಳಿಕೊಂಡರೆ ಎಲ್ಲ ಸ್ಲೈಡಿಗೂ ಏನೋ ಒಂದು ಸಮಾಧಾನ ಹೊಳೆಯುತ್ತದೆ. ಕೇಳುವುದು ಕೂಡ ನಿರ್ದೇಶಕರ ಜಾಗದಲ್ಲಿ ಕೂತು, ಹಣ ಮಂಜೂರು ಮಾಡಬೇಕಾದವರ ಬಾಯಿಂದ.

ಎರಡನೆಯ ಸ್ಲೈಡಿನಲ್ಲಿ ಸಂಘದ ಇತಿಹಾಸ, ಸ್ಥಾಪಕರ ಫೋಟೊ. ಅದಕ್ಕೇನೀಗ? ‘ಸಭೆಗೆ ಹಿನ್ನೆಲೆ ತಿಳಿಯಲಿ ಅಂತ.’ ಇದು ಉತ್ತರವಲ್ಲ. ನಿರ್ದೇಶಕರಿಗೆ ಆ ಹಿನ್ನೆಲೆ ಗೊತ್ತೇ ಇದೆ, ಅದರಿಂದ ಅವರ ತೀರ್ಮಾನವೂ ಬದಲಾಗದು. ಸ್ಲೈಡ್ ಹೋಗಲಿ. ಆರನೆಯದು ಯಾವ ತಿಂಗಳು ಎಷ್ಟು ಲೀಟರ್ ಕೆಟ್ಟಿತು ಎಂಬ ಕಂಬದ ಚಿತ್ರ, ಏಳನೆಯದು ಅದೇ ಲೆಕ್ಕದ ದುಂಡನೆಯ ಚಿತ್ರ. ಎರಡಕ್ಕೂ ಉತ್ತರ ಒಂದೇ: ನಷ್ಟವಾಗುತ್ತಿರುವುದು ಮುಖ್ಯವಾಗಿ ಏಪ್ರಿಲ್–ಮೇ ತಿಂಗಳಲ್ಲಿ. ಕಂಬದ ಚಿತ್ರದಲ್ಲಿ ಇದು ಕಣ್ಣಿಗೆ ಹೊಡೆಯುವುದರಿಂದ ಅದು ಉಳಿಯಲಿ, ದುಂಡನೆಯದನ್ನು ತೆಗೆಯಬಹುದು.

ನಾಲ್ಕನೆಯ ಸ್ಲೈಡ್ ನನಗೆ ಹೆಚ್ಚು ಕುತೂಹಲದ್ದು. ಐದು ವರ್ಷದಲ್ಲಿ ಹಾಲಿನ ಸಂಗ್ರಹ ಏರಿದ ಪಟ್ಟಿ ಅದು. ಅದಕ್ಕೇನೀಗ? ‘ಸಂಘ ಬೆಳೆದಿದೆ.’ ಇದೂ ಸಾಲದು, ಇನ್ನೊಮ್ಮೆ ಕೇಳಬೇಕು. ಸಂಘ ಬೆಳೆದರೆ ಏನೀಗ? ‘ಒಂದು ದಿನದ ಹಾಲೇ 1,400 ಲೀಟರ್ ಇರುವಾಗ 1,000 ಲೀಟರಿನ ಕೂಲರ್ ಸಾಲದು, 2,000 ಲೀಟರಿನದೇ ಬೇಕು.’ ಕೈಬಿಡಬೇಕೆಂದಿದ್ದ ಸ್ಲೈಡಿಗೆ ಈಗ ಕೆಲಸ ಸಿಕ್ಕಿತು. ‘ಹಾಲು ಸಂಗ್ರಹಣೆ’ ಎಂಬ ತಲೆಬರಹ ಅಳಿಸಿ ಈ ವಾಕ್ಯವನ್ನೇ ಅಲ್ಲಿ ಹಾಕಬೇಕು. ಐದು ವರ್ಷದ ಅಂಕಿಗಳೆಲ್ಲ ಬೇಡ, ಮೊದಲ ವರ್ಷದ್ದು ಮತ್ತು ಈಗಿನದು ಸಾಕು. ಇದರ ಜಾಗವೂ ಬದಲಾಗಿ, ಕೂಲರಿನ ಬೆಲೆ ಹೇಳುವ ಸ್ಲೈಡಿನ ಹಿಂದೆ ಬರಬೇಕು.

ಹಾಲು ಅಳೆದ ಹೊತ್ತಿನಿಂದ ಕೇಂದ್ರ ಮುಟ್ಟುವವರೆಗೆ ಸಂಜೆ ಮೂರು ತಾಸು ಹಿಡಿಯುತ್ತದೆ ಎನ್ನುವ ಸ್ಲೈಡನ್ನು ಯಾರೂ ಮುಟ್ಟಬಾರದು. ಕರೆದ ಹಾಲು ಬೆಚ್ಚಗಿದ್ದಷ್ಟು ಹೊತ್ತು ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ, 4 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಆ ಬೆಳವಣಿಗೆ ತೀರಾ ನಿಧಾನವಾಗುತ್ತದೆ. ತಪ್ಪು ರೈತರದ್ದಲ್ಲ, ತಡದ್ದು ಎಂಬ ಮಾತು ಬೇರೆ ಯಾವ ಸ್ಲೈಡಿನಲ್ಲೂ ಇಲ್ಲ.

ಈ ಪರೀಕ್ಷೆಯನ್ನು ದುರುಪಯೋಗ ಮಾಡಿಕೊಳ್ಳುವ ಜಾಗವೂ ಒಂದಿದೆ. ಹನ್ನೆರಡನೆಯ ಸ್ಲೈಡ್ ಊರಿನ ವಿದ್ಯುತ್ ಕಡಿತದ್ದು. ಅದಕ್ಕೇನೀಗ ಎಂದರೆ, ‘ಜನರೇಟರ್ ಇಲ್ಲದೆ ಕೂಲರ್ ತಂದು ಫಲವಿಲ್ಲ, ಅದರ ಖರ್ಚೂ ಸೇರಬೇಕು’ ಎಂಬ ಉತ್ತರ ಬರುತ್ತದೆ. ಕೇಳುವ ಮೊತ್ತ ಹೆಚ್ಚಾಗುವುದರಿಂದ ಇದನ್ನು ಕೈಬಿಡಲು ಮನಸ್ಸಾಗುತ್ತದೆ. ಆದರೆ ತೆಗೆಯಬೇಕಾದದ್ದು ಹೊಸದೇನನ್ನೂ ಹೇಳದ ಸ್ಲೈಡನ್ನೇ ಹೊರತು, ನಮಗೆ ಇಷ್ಟವಾಗದ್ದನ್ನು ಹೇಳುವ ಸ್ಲೈಡನ್ನಲ್ಲ.

ಒಂದೇ ಸ್ಲೈಡಿನೊಳಗೂ ಮುಖ್ಯ ಮಾತು ಹೂತುಹೋಗಬಹುದು. 2003ರ ಜನವರಿ 16ರಂದು ಕೊಲಂಬಿಯಾ ನೌಕೆ ಹಾರಿದ 82 ಸೆಕೆಂಡಿಗೆ ಫೋಮಿನ ತುಂಡೊಂದು ಅದರ ಎಡ ರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಕಕ್ಷೆಯಲ್ಲಿದ್ದಾಗ ಬೋಯಿಂಗ್ ಎಂಜಿನಿಯರುಗಳು ನಾಸಾಗೆ ತೋರಿಸಿದ ಒಂದು ಸ್ಲೈಡಿನ ತಲೆಬರಹ ಧೈರ್ಯ ಹೇಳುವಂತಿತ್ತು. ಹಿಂದಿನ ಪರೀಕ್ಷೆಗಳಲ್ಲಿ ಬಳಸಿದ್ದು 3 ಘನ ಅಂಗುಲದ ತುಂಡು, ಈ ಬಾರಿಯ ಅಂದಾಜು 1,920 ಘನ ಅಂಗುಲ ಎಂಬ ವಿಷಯ ಇದ್ದದ್ದು ಕೊನೆಯ ಸಾಲಿನಲ್ಲಿ, ಸಣ್ಣ ಅಕ್ಷರದಲ್ಲಿ. ಆ ಸಾಲಿಗೆ ‘ಅದಕ್ಕೇನೀಗ?’ ಎಂದು ಕೇಳಿದ್ದರೆ ‘ನಮ್ಮ ಪರೀಕ್ಷೆಗಳು ಇಲ್ಲಿ ಅನ್ವಯಿಸುವುದಿಲ್ಲ’ ಎಂಬುದೇ ತಲೆಬರಹವಾಗಬೇಕಿತ್ತು. ಫೆಬ್ರವರಿ 1ರಂದು ನೌಕೆ ಒಡೆದು ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ತೀರಿಕೊಂಡರು. ಸ್ಲೈಡೇ ಅದಕ್ಕೆ ಕಾರಣ ಎನ್ನಲಾಗದು. ಆದರೂ ತನಿಖಾ ಮಂಡಳಿ ತನ್ನ ವರದಿಯಲ್ಲಿ ಆ ಸ್ಲೈಡನ್ನು ಪ್ರತ್ಯೇಕವಾಗಿ ಪರಿಶೀಲಿಸಿ ಟೀಕಿಸಿತು.

ಕಾರ್ಯದರ್ಶಿಯ ಕೈಯಲ್ಲಿ ಈಗ ಉಳಿದದ್ದು ಆರು ಸ್ಲೈಡ್. ಕೂಲರಿನ ತಾಂತ್ರಿಕ ವಿವರ, ದರಪಟ್ಟಿಗಳು ಕೊನೆಗೆ ಪ್ರತ್ಯೇಕವಾಗಿರಲಿ, ಕೇಳಿದರೆ ಮಾತ್ರ ತೆರೆಯಲು. ನೀವೂ ಮುಂದಿನ ಸಭೆಗೆ ಮುನ್ನ ಹಾಳೆಯಲ್ಲಿ ಬರೆದ ವಾಕ್ಯಗಳನ್ನಷ್ಟೇ ಒಂದರ ಹಿಂದೊಂದು ಯಾರಿಗಾದರೂ ಓದಿ ಹೇಳಿ. ಅವರು ‘ಇದನ್ನು ಆಗಲೇ ಹೇಳಿದಿರಲ್ಲ’ ಎಂದ ಕಡೆ ಒಂದು ಸ್ಲೈಡ್ ತೆಗೆಯಿರಿ.